ನೋಟ್ಸ್‌ನಿಂದ ಕೇಸ್ ಪ್ರಶ್ನೆ: ಗಂಟಲು ನೋವು ಯಾವತ್ತು ಬಂತು?
"ಪಿಎಸ್‌ಜಿಎನ್ ನೋಟ್ಸ್‌ನಿಂದ ಕೇಸ್ ಪ್ರಶ್ನೆ ಬರೆದರೆ ಓದುತ್ತಿದ್ದ ಹಾಗೇ ಉತ್ತರ ಗೊತ್ತಾಗಿಬಿಡುತ್ತೆ. ನೀಟ್ ಪಿಜಿ ತರಹ ಬರೆಯೋದು ಹೇಗೆ?"

ಒಂದೇ ಕಾಯಿಲೆಯ ಪುಟ ನೋಡಿ ಬರೆದರೆ ಹಾಗೇ ಆಗುತ್ತದೆ. ಪಕ್ಕದಲ್ಲಿ ಐಜಿಎ ನೆಫ್ರೋಪತಿಯ ಪುಟವನ್ನೂ ತೆರೆದಿಡಿ. ಎರಡರಲ್ಲೂ ಇರುವುದನ್ನು ಪ್ರಶ್ನೆಗೆ ಹಾಕಿ. ಬೇರೆಯಾಗುವ ಒಂದು ಸಾಲಿನ ಮೇಲೆ ಉತ್ತರ ನಿಲ್ಲಲಿ.

ನೋಡಿ: 12 ವರ್ಷದ ಹುಡುಗ. ಬೆಳಿಗ್ಗೆಯಿಂದ ಮೂತ್ರ ಕೋಲಾ ಬಣ್ಣ, ಬಿಪಿ ಸ್ವಲ್ಪ ಜಾಸ್ತಿ, ಮೂತ್ರದಲ್ಲಿ ಆರ್‌ಬಿಸಿ ಕಾಸ್ಟ್. ಎರಡು ವಾರದ ಹಿಂದೆ ಗಂಟಲು ನೋವು ಬಂದು ವಾಸಿಯಾಗಿತ್ತು. ಸಿ3 ಹೇಗಿರುತ್ತದೆ?

ಕಡಿಮೆ. ಈಗ ಕೊನೆಯ ಮಾಹಿತಿಯನ್ನು "ನಿನ್ನೆಯಿಂದ ಗಂಟಲು ನೋವು" ಎಂದು ಬದಲಿಸಿ. ಐಜಿಎ ನೆಫ್ರೋಪತಿ ಕಡೆಗೆ ಹೋಯಿತು, ಸಿ3 ನಾರ್ಮಲ್. ಇಂಥ ಜೋಡಿ ಪ್ರಶ್ನೆಗಳನ್ನು ಬೇರೆ ಬೇರೆ ದಿನ ಬಿಡಿಸಿ, ಇಲ್ಲದಿದ್ದರೆ ಸುಮ್ನೆ ನೆನಪಿನಿಂದಲೇ ಉತ್ತರ ಬರುತ್ತದೆ.

"ಎಎಸ್‌ಓ ಜಾಸ್ತಿ" ಎಂದು ಪ್ರಶ್ನೆಯಲ್ಲೇ ಬರೆಯಬೇಡಿ. ಅದು ಉತ್ತರವನ್ನೇ ಕೈಗೆ ಕೊಟ್ಟ ಹಾಗೆ, ಅಲ್ವಾ? ಆಯ್ಕೆಗಳೂ ಅದೇ ಗುಂಪಿನವಿರಲಿ. ಎಎನ್‌ಸಿಎ, ಆಂಟಿ-ಜಿಬಿಎಂ ಸರಿ, ಟ್ರೋಪೋನಿನ್ ಬೇಡ.

ಮುಂದಿನ ಪ್ರಶ್ನೆಯೂ ಇದರಲ್ಲೇ ಇದೆ. ಪಿಎಸ್‌ಜಿಎನ್‌ನಲ್ಲಿ ಸಿ3 ಸಾಮಾನ್ಯವಾಗಿ 6-8 ವಾರದಲ್ಲಿ ಸರಿಹೋಗುತ್ತದೆ. ಅದೇ ಹುಡುಗನಿಗೆ ಮೂರು ತಿಂಗಳಾದರೂ ಕಡಿಮೆಯೇ ಇದ್ದರೆ ಮುಂದೇನು? ಬಯಾಪ್ಸಿ.