ಜರ್ಮನಿಯಿಂದ ಬದಿಯಡ್ಕದ ಮನೆಗೆ ಉಡುಗೊರೆ ಕಳುಹಿಸುವುದು ಹೇಗೆ?

ಪ್ರಶ್ನೆ: ಅಪ್ಪನಿಗೆ ಎಪ್ಪತ್ತು ತುಂಬುತ್ತದೆ. ನಾನು ಜರ್ಮನಿಯಲ್ಲಿದ್ದೇನೆ, ಅಪ್ಪ ಅಮ್ಮ ಬದಿಯಡ್ಕದ ಹತ್ತಿರ ಇದ್ದಾರೆ. ಇಲ್ಲಿಂದ ಏನನ್ನು ಕಳುಹಿಸಿದರೆ ತೊಂದರೆಯಿಲ್ಲದೆ ಕೈಸೇರುತ್ತದೆ?

ನನ್ನ ಮನೆ ನೀರ್ಚಾಲಿನ ಕಡೆ, ಕೆಲಸ ನಿಮ್ಮಂತೆಯೇ ಜರ್ಮನಿಯಲ್ಲಿ. ನನ್ನ ಮೊದಲ ಪಾರ್ಸೆಲಿನಲ್ಲಿ ಮೂರು ವಸ್ತುಗಳಿದ್ದವು: ಅಮ್ಮನಿಗೆ ಒಂದು ಉಣ್ಣೆಯ ಕಂಬಳಿ, ಒಂದು ಸುಗಂಧದ ಬಾಟಲಿ, ಮತ್ತು ರಾತ್ರಿ ತೋಟಕ್ಕೆ ನೀರು ಬಿಡಲು ಹೋಗುವ ಅಪ್ಪನಿಗೆ ತಲೆಗೆ ಕಟ್ಟಿಕೊಳ್ಳುವ, ಚಾರ್ಜ್ ಮಾಡುವ ಟಾರ್ಚು. ಎರಡು ವಾರಗಳ ಬಳಿಕ ಆ ಪೆಟ್ಟಿಗೆ ಭಾರತವನ್ನು ಮುಟ್ಟದೆಯೇ ನನ್ನ ಬಾಗಿಲಿಗೆ ಮರಳಿ ಬಂತು. ಸುಗಂಧದಲ್ಲಿ ಆಲ್ಕೋಹಾಲ್ ಇರುವುದರಿಂದ ಅದು ಬೆಂಕಿ ಹಿಡಿಯುವ ದ್ರವವೆಂದು ಎಣಿಕೆಯಾಗುತ್ತದೆ. ಟಾರ್ಚಿನೊಳಗಿನ ಲಿಥಿಯಮ್ ಬ್ಯಾಟರಿಗೂ ವಿಮಾನದಲ್ಲಿ ಹೋಗುವ ಅಂಚೆಯಲ್ಲಿ ಕಟ್ಟುನಿಟ್ಟಿನ ನಿರ್ಬಂಧಗಳಿವೆ. ಪವರ್ ಬ್ಯಾಂಕನ್ನಂತೂ ಯೋಚಿಸಲೇಬೇಡಿ.

ಎರಡನೆಯ ಬಾರಿ ನಾನು ಕಂಬಳಿಯನ್ನು ಮಾತ್ರ ಕಳುಹಿಸಿದೆ. ನಮ್ಮವರಲ್ಲಿ ಅನೇಕರು ಇಂದಿಗೂ ನಂಬಿಕೊಂಡಿರುವ ಒಂದು ವಿಷಯವನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಉಡುಗೊರೆಯೆಂದು ಬರೆದರೆ ಸುಂಕವಿಲ್ಲ ಎಂಬ ಕಾಲ 2019ರ ಡಿಸೆಂಬರಿನಲ್ಲಿ ಮುಗಿಯಿತು. ಅಂದಿನಿಂದ ಅಂಚೆ ಅಥವಾ ಕೊರಿಯರ್ ಮೂಲಕ ಬರುವ ಉಡುಗೊರೆಗೆ, ಜೀವರಕ್ಷಕ ಔಷಧ ಮತ್ತು ರಾಖಿಯನ್ನು ಬಿಟ್ಟು, ಪೂರ್ಣ ಸುಂಕ ಕೊಡಬೇಕು. ದರವು ಬಜೆಟ್ಟಿನೊಡನೆ ಬದಲಾಗುತ್ತಿರುವುದರಿಂದ ನಾನು ವಸ್ತುವಿನ ಬೆಲೆಯ ಅರ್ಧದಷ್ಟು ಹಣವನ್ನು ಮೊದಲೇ ತೆಗೆದಿಡುತ್ತೇನೆ.

ಅಂಚೆಯಲ್ಲಿ ಕಳುಹಿಸುವಾಗ ತುಂಬಬೇಕಾದ ಸಿಎನ್ 23 ನಮೂನೆಯಲ್ಲಿ 'ಗಿಫ್ಟ್' ಎಂಬ ಒಂದೇ ಪದ ಸಾಲದು. ನಾನು 'ಹೊಸ ಉಣ್ಣೆಯ ಕಂಬಳಿ, ಒಂದು, 60 ಯೂರೋ' ಎಂಬಂತೆ ಇಂಗ್ಲಿಷಿನಲ್ಲಿ ಬರೆದು, ಅಂಗಡಿಯ ಬಿಲ್ಲಿನ ಒಂದು ಪ್ರತಿಯನ್ನು ಪೆಟ್ಟಿಗೆಯ ಹೊರಗಿನ ಚೀಲದಲ್ಲಿ ಇಟ್ಟೆ. ಬೆಲೆಯನ್ನು ಕಡಿಮೆ ಮಾಡಿ ಬರೆಯಬೇಡಿ. ಅನುಮಾನ ಬಂದರೆ ಸುಂಕದ ಅಧಿಕಾರಿಗಳು ತಾವೇ ಬೆಲೆ ಕಟ್ಟುತ್ತಾರೆ, ಪಾರ್ಸೆಲ್ ಅಷ್ಟು ದಿನ ಅಲ್ಲೇ ಉಳಿಯುತ್ತದೆ. ಅಂಚೆಯಲ್ಲಿ ಬಂದ ಪಾರ್ಸೆಲಿಗೆ ಸುಂಕವನ್ನು ತಲುಪಿಸುವ ಹೊತ್ತಿಗೆ ಪಡೆಯುತ್ತಾರೆ. ಆದ್ದರಿಂದ ಪೋಸ್ಟ್‌ಮ್ಯಾನ್ ಬರುವ ಮೊದಲೇ ಅಪ್ಪನ ಕೈಯಲ್ಲಿ ಹಣವಿರುವಂತೆ ನೋಡಿಕೊಂಡೆ. ಕಾರಣ ತಿಳಿಯದೆ ಅವರು ಪಾರ್ಸೆಲನ್ನು ಹಿಂತಿರುಗಿಸಿಬಿಟ್ಟರೆ ಎಲ್ಲ ಶ್ರಮವೂ ವ್ಯರ್ಥ.

ಕೊರಿಯರ್ ಬೇಗ ತಲುಪುತ್ತದೆ, ಆದರೆ ಅಲ್ಲಿ ಪಡೆಯುವವರ ಕೆವೈಸಿ ಬೇಕು. ನನ್ನ ಮೂರನೆಯ ಪಾರ್ಸೆಲ್ ನಿಂತದ್ದು ಇಲ್ಲೇ. ಅಪ್ಪನ ಹೆಸರನ್ನು ನಾವು ಮನೆಯಲ್ಲಿ ಬರೆಯುವುದು 'ಭಟ್' ಎಂದು. ಆಧಾರಿನಲ್ಲಿ ಅದು 'ಭಟ್ಟ' ಎಂದಾಗಿ, ಮುಂದಿನ ಇನಿಷಿಯಲ್ ಹಿಂದಕ್ಕೆ ಹೋಗಿದೆ. ಕನ್ನಡದ ಹೆಸರು ಮಲಯಾಳಕ್ಕೂ ಇಂಗ್ಲಿಷಿಗೂ ಹೋಗುವಾಗ ಕಾಸರಗೋಡಿನ ಎಷ್ಟೋ ಹಿರಿಯರಿಗೆ ಇಂಥದ್ದು ಆಗಿದೆ. ದಾಖಲೆ ಕೇಳುವ ಎಸ್ಸೆಮ್ಮೆಸ್ ಅಪ್ಪನ ಫೋನಿಗೆ ಬಂದಿತ್ತು, ಅವರು ನೋಡಲಿಲ್ಲ. ನನಗೆ ತಿಳಿಯುವಾಗ ಒಂಬತ್ತು ದಿನ ಕಳೆದಿತ್ತು. ಈಗ ಆಧಾರಿನಲ್ಲಿ ಇರುವ ಹೆಸರನ್ನೇ ಅಕ್ಷರ ತಪ್ಪದಂತೆ ವಿಳಾಸದಲ್ಲಿ ಬರೆದು, ಊರಲ್ಲಿರುವ ತಮ್ಮನ ಫೋನ್ ಸಂಖ್ಯೆಯನ್ನು ಕೊಡುತ್ತೇನೆ. ಸುಂಕವನ್ನು ಕಳುಹಿಸುವವರೇ ಕಟ್ಟುವ ವ್ಯವಸ್ಥೆ ಕೆಲವು ಕೊರಿಯರುಗಳಲ್ಲಿದೆ. ಸ್ವಲ್ಪ ಹೆಚ್ಚು ಖರ್ಚಾದರೂ ಹೆತ್ತವರ ಕೈಯಿಂದ ಹಣ ಕೊಡಿಸದಿರಲು ನಾನು ಅದನ್ನೇ ಆರಿಸಿಕೊಳ್ಳುತ್ತೇನೆ. ಪಾರ್ಸೆಲ್ ಕಸ್ಟಮ್ಸಿನಲ್ಲಿ ಸಿಕ್ಕಿಬಿದ್ದಿದೆ, ಈ ಖಾತೆಗೆ ಹಣ ಹಾಕಿ ಎಂದು ಯಾರಾದರೂ ಫೋನು ಮಾಡಿದರೆ ಹಾಕಕೂಡದೆಂದು ಅವರಿಗೆ ಮೊದಲೇ ಹೇಳಿಡಿ. ಪಾರ್ಸೆಲಿನ ಸಂಖ್ಯೆಯನ್ನು ನೀವೇ ಪರಿಶೀಲಿಸಿ.

ಇನ್ನು ಅಪ್ಪನ ಟಾರ್ಚು. ಅದೇ ಬಗೆಯದು ಮಂಗಳೂರಿನ ಅಂಗಡಿಯಲ್ಲಿ ಸಿಕ್ಕಿತು. ನಾನು ಎನ್‌ಆರ್‌ಇ ಖಾತೆಯಿಂದ ಹಣ ಕಳುಹಿಸಿದೆ, ತಮ್ಮ ತಂದುಕೊಟ್ಟ; ಕೆಟ್ಟರೆ ವಾರಂಟಿಗೆ ಹೋಗಲು ಅಂಗಡಿಯೂ ಹತ್ತಿರದಲ್ಲೇ ಇದೆ. ರಕ್ತದೊತ್ತಡ ನೋಡುವ ಯಂತ್ರ, ಫೋನ್, ಮಿಕ್ಸಿಯಂತಹ ವಸ್ತುಗಳನ್ನು ನಾನು ಊರಿನಲ್ಲಿಯೇ ಕೊಡಿಸುತ್ತೇನೆ. ಇಲ್ಲಿಂದ ಕಳುಹಿಸುವುದು ಅಲ್ಲಿ ಸಿಗದ, ಬ್ಯಾಟರಿಯೂ ದ್ರವವೂ ಇಲ್ಲದ ವಸ್ತುವನ್ನು ಮಾತ್ರ. ನಿಮ್ಮ ತಂದೆಯವರಿಗೆ ಇಲ್ಲಿನ ಉಣ್ಣೆಯ ಶಾಲು ಒಪ್ಪುವುದಾದರೆ ಹುಟ್ಟುಹಬ್ಬಕ್ಕೆ ಕನಿಷ್ಠ ಆರು ವಾರ ಮೊದಲು ಅಂಚೆಗೆ ಹಾಕಿ, ಮತ್ತು ಪೆಟ್ಟಿಗೆ ಮುಚ್ಚುವ ಮೊದಲು ಅವರ ಆಧಾರಿನ ಫೋಟೋವೊಂದನ್ನು ತರಿಸಿಕೊಂಡು ಹೆಸರನ್ನು ನೋಡಿಕೊಳ್ಳಿ.