ತಳಕ್ಕಿಳಿದ ಒಂದು ಹನಿ ನೀರು ಎಣ್ಣೆಯನ್ನು ಹೇಗೆ ಸಿಡಿಸುತ್ತದೆ

ಪ್ರಶ್ನೆ: ಆಲೂಗಡ್ಡೆಯನ್ನೋ ಮೀನನ್ನೋ ಕಾದ ಎಣ್ಣೆಗೆ ಹಾಕಿದ ಕೂಡಲೇ ಎಣ್ಣೆ ಸಿಡಿದು ಕೈಗೆ ಹಾರುತ್ತದೆ. ಹೆದರಿ ದೂರ ನಿಂತು ಎಸೆಯುತ್ತೇನೆ, ಆದರೂ ಸಿಡಿಯುತ್ತದೆ. ನೀರು ತಾಗಿದರೆ ಎಣ್ಣೆ ಯಾಕೆ ಹೀಗೆ ಮಾಡುತ್ತದೆ? ಸುಟ್ಟುಕೊಳ್ಳದೆ ಹಾಕುವುದು ಹೇಗೆ?

ಉತ್ತರ:

ಹಲವು ವರ್ಷ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಕರಿಯುವ ಬಾಣಲೆಯ ಮುಂದೆ ನಿಂತವಳು ನಾನು. ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಕಾಡಿದ ಮಾತು ‘ದೂರ ನಿಂತು ಎಸೆಯುತ್ತೇನೆ’ ಎಂಬುದು. ದಯವಿಟ್ಟು ಅದನ್ನು ಇಂದೇ ಬಿಡಿ. ಸೇರಿದ ಮೊದಲ ತಿಂಗಳಲ್ಲಿ ನಾನೂ ಹಾಗೆ ಒಂದು ಮೀನಿನ ತುಂಡನ್ನು ಮೇಲಿನಿಂದ ಬಿಟ್ಟು ಮಣಿಕಟ್ಟು ಸುಟ್ಟುಕೊಂಡಿದ್ದೇನೆ. ಪಕ್ಕದಲ್ಲಿದ್ದ ಹಿರಿಯ ಅಡುಗೆಯವರು ನನ್ನ ಕೈಯನ್ನು ನಲ್ಲಿಯ ಕೆಳಗೆ ಹಿಡಿದುಕೊಂಡೇ ಹೇಳಿದರು: “ಹೆದರಿಕೆಯಾದಷ್ಟೂ ಕೈಯನ್ನು ಎಣ್ಣೆಯ ಹತ್ತಿರಕ್ಕೆ ಇಳಿಸಬೇಕಮ್ಮ.” ಅದು ಯಾಕೆ ಸರಿ ಎಂಬುದು ಅರ್ಥವಾಗಬೇಕಾದರೆ ಒಂದು ಹನಿ ನೀರಿನ ಬೆನ್ನು ಹಿಡಿಯಬೇಕು.

ಕರಿಯುವಾಗ ಎಣ್ಣೆ ಸಾಮಾನ್ಯವಾಗಿ 170ರಿಂದ 190 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿರುತ್ತದೆ. ನೀರು 100 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಅಷ್ಟೇ ಆಗಿದ್ದರೆ ತೊಂದರೆ ದೊಡ್ಡದಾಗುತ್ತಿರಲಿಲ್ಲ. ಕಾದ ಒಣ ಕಾವಲಿಯ ಮೇಲೆ ನೀರು ಚಿಮುಕಿಸಿದರೆ ಅದು ಚುರ್ ಎಂದು ಆವಿಯಾಗಿ ಹೋಗುತ್ತದೆ, ಯಾರ ಮೈಮೇಲೂ ಹಾರುವುದಿಲ್ಲ. ಆವಿಯ ಮೇಲೆ ಅಲ್ಲಿ ಏನೂ ಇಲ್ಲ, ಅದಕ್ಕೆ ದಾರಿ ತೆರೆದಿದೆ. ಬಾಣಲೆಯಲ್ಲಿ ಹಾಗಲ್ಲ. ನೀರು ಎಣ್ಣೆಗಿಂತ ಭಾರ, ಎಣ್ಣೆಯ ಜೊತೆ ಬೆರೆಯುವುದೂ ಇಲ್ಲ. ಆದ್ದರಿಂದ ಬಿದ್ದ ಹನಿ ಮೇಲೆ ನಿಲ್ಲದೆ ಕೆಳಕ್ಕೆ ಮುಳುಗುತ್ತದೆ. ಈಗ ಅದರ ಸುತ್ತಲೂ, ತಲೆಯ ಮೇಲೂ ಎಣ್ಣೆ.

ಗಮನವಿಟ್ಟು ನೋಡಿದರೆ ಹನಿ ಬಿದ್ದ ಕ್ಷಣದಲ್ಲೇ ಸಿಡಿತ ಬರುವುದಿಲ್ಲ. ಒಂದು ಚಿಕ್ಕ ಮೌನ ಇರುತ್ತದೆ, ಆಮೇಲೆ ‘ಟಪ್’ ಎನ್ನುತ್ತದೆ. ಆ ಮೌನದಲ್ಲಿ ಹನಿ ಬಿಸಿಯನ್ನು ಹೀರಿಕೊಳ್ಳುತ್ತಿರುತ್ತದೆ. ಪಾತ್ರೆಯಲ್ಲಿ ನೀರು ಕುದಿಯುವಾಗ ಗುಳ್ಳೆಗಳು ತಳದ ಸಣ್ಣ ಗೀರುಗಳಲ್ಲಿ, ಒರಟು ಜಾಗಗಳಲ್ಲಿ ಹುಟ್ಟುತ್ತವೆ. ನಾಲ್ಕೂ ಕಡೆ ನುಣುಪಾದ ಎಣ್ಣೆಯೇ ಇರುವ ಹನಿಗೆ ಗುಳ್ಳೆ ಹುಟ್ಟಲು ಅಂಥ ಜಾಗ ಸಿಗುವುದಿಲ್ಲ. ಹಾಗಾಗಿ ಅದು 100 ಡಿಗ್ರಿಯನ್ನು ದಾಟಿಯೂ ನೀರಾಗಿಯೇ ಉಳಿಯಬಹುದು. ಕೊನೆಗೆ ಕುದಿ ಶುರುವಾದಾಗ ಇಡೀ ಹನಿ ಒಮ್ಮೆಲೇ ಆವಿಯಾಗುತ್ತದೆ. ನೀರು ಆವಿಯಾದರೆ ಸುಮಾರು 1,600 ಪಟ್ಟು ಜಾಗ ಬೇಕು. ಒಂದು ಮಿಲಿಲೀಟರಿಗೆ 20 ಹನಿ ಎಂದು ಹಿಡಿದರೆ, ಒಂದು ಹನಿಯಿಂದ ಸುಮಾರು 80 ಮಿಲಿಲೀಟರ್ ಆವಿ ಬರುತ್ತದೆ, ಎಂದರೆ ಒಂದು ಸಣ್ಣ ಲೋಟದಷ್ಟು. ಅಷ್ಟು ಆವಿ ಕಣ್ಣು ಮಿಟುಕಿಸುವುದರೊಳಗೆ ಎಣ್ಣೆಯ ಹೊಟ್ಟೆಯಲ್ಲಿ ಹುಟ್ಟಿದರೆ ತನ್ನ ಮೇಲಿರುವ ಎಣ್ಣೆಯನ್ನು ಎತ್ತಿ ಎಸೆದೇ ಹೊರಬರಬೇಕು. ನಿಮ್ಮ ಕೈಗೆ ಹಾರುವುದು ಆ ಎಣ್ಣೆ.

ಆದರೆ ಆಲೂಗಡ್ಡೆಯ ಒಳಗೂ ನೀರೇ ತುಂಬಿದೆಯಲ್ಲ, ಅದು ಯಾಕೆ ಸಿಡಿಯುವುದಿಲ್ಲ? ಈ ವ್ಯತ್ಯಾಸ ತಿಳಿದರೆ ಅರ್ಧ ಹೆದರಿಕೆ ಹೋಗುತ್ತದೆ. ಹಸಿ ಆಲೂಗಡ್ಡೆಯ ತೂಕದಲ್ಲಿ ನೂರಕ್ಕೆ ಸುಮಾರು 80 ಭಾಗ ನೀರು. 150 ಗ್ರಾಂ ಹೋಳುಗಳನ್ನು ಕರಿಯುವಾಗ ಅದರಲ್ಲಿ 50 ಗ್ರಾಂ ನೀರು ಹೊರಗೆ ಹೋದರೂ 80 ಲೀಟರಿನಷ್ಟು ಆವಿಯಾಯಿತು. ಅಷ್ಟೂ ಆವಿ ಹೋಳಿನ ಸಣ್ಣ ಸಣ್ಣ ರಂಧ್ರಗಳಿಂದ, ಹಲವು ನಿಮಿಷಗಳ ಕಾಲ, ಪುಟ್ಟ ಗುಳ್ಳೆಗಳ ಸಾಲಾಗಿ ಹೊರಡುತ್ತದೆ. ಹೋಳಿನ ಸುತ್ತ ಬಿಡುವಿಲ್ಲದೆ ಏಳುವ ಬಿಳಿ ನೊರೆ ಅದೇ. ಒಳಗಿನ ನೀರು ಬಸಿದು ಬರುವಂಥದ್ದು, ಸೌಮ್ಯವಾದದ್ದು. ಸಿಡಿಸುವುದು ಹೊರಮೈಗೆ ಅಂಟಿಕೊಂಡು ಬಂದು ಹನಿಯಾಗಿ ಕಳಚಿ ಬೀಳುವ ನೀರು.

ಹಾಗಾಗಿ ನಿಜವಾದ ಕೆಲಸ ಒಲೆ ಹಚ್ಚುವ ಮೊದಲೇ ಇದೆ. ನೀವು ಅರ್ಧ ಕಿಲೋ ಆಲೂಗಡ್ಡೆಯನ್ನು ಕರಿಯುತ್ತೀರಿ ಎಂದುಕೊಳ್ಳೋಣ. ಹೋಳು ಮಾಡಿ ತೊಳೆದು, ಜಾಲರಿಯಲ್ಲಿ ಬಸಿದಿಟ್ಟು, ಹನಿ ನಿಂತ ಮೇಲೆ ಒಣಗಿತು ಎಂದು ಬಹಳ ಜನ ಭಾವಿಸುತ್ತಾರೆ. ನನಗೂ ಆ ಭ್ರಮೆ ಇತ್ತು. ಒಂದು ದಿನ ಒರೆಸುವ ಬಟ್ಟೆಯನ್ನು ಮೊದಲೂ ಆಮೇಲೂ ತೂಗಿ ನೋಡಿದೆ. ಬಸಿದಿಟ್ಟ ಅರ್ಧ ಕಿಲೋ ಹೋಳುಗಳನ್ನು ಒರೆಸಿದ ಬಟ್ಟೆ 20 ಗ್ರಾಂ ಹೆಚ್ಚು ತೂಗಿತು. ಹನಿಯ ಲೆಕ್ಕದಲ್ಲಿ 400. ಅಂದಿನಿಂದ ಹೋಳುಗಳನ್ನು ದಪ್ಪ ಹತ್ತಿಬಟ್ಟೆಯ ಮೇಲೆ ಒಂದೇ ಪದರವಾಗಿ ಹರಡಿ, ಮೇಲೊಂದು ಬಟ್ಟೆ ಹೊದಿಸಿ, ಅಂಗೈಯಿಂದ ಒತ್ತಿ, ಹತ್ತು ನಿಮಿಷ ಗಾಳಿಗೆ ಬಿಡದೆ ನಾನು ಕರಿದದ್ದಿಲ್ಲ. ಮುಟ್ಟಿದರೆ ಬೆರಳಿಗೆ ತಂಪು ತಾಗಬಹುದು, ಆದರೆ ಹೊಳಪು ಉಳಿದಿರಬಾರದು. ಹೊಳೆಯುತ್ತಿದ್ದರೆ ಮೇಲೆ ಇನ್ನೂ ನೀರಿದೆ.

ಮೀನಿನಲ್ಲಿ ಹೊಟ್ಟೆಯ ಒಳಭಾಗ ಮತ್ತು ಚರ್ಮದ ಮಡಿಕೆಗಳನ್ನು ಮರೆಯಬೇಡಿ, ನೀರು ಅಡಗುವುದು ಅಲ್ಲೇ. ಉಪ್ಪು ಹಚ್ಚಿಟ್ಟರೆ ಅದು ಒಳಗಿನ ನೀರನ್ನು ಹೊರಗೆ ಎಳೆಯುತ್ತದೆ, ಆದ್ದರಿಂದ ಹಾಕುವ ಮುನ್ನ ಇನ್ನೊಮ್ಮೆ ಒತ್ತಿ ಒರೆಸಬೇಕು. ಒಣ ಹಿಟ್ಟಿನಲ್ಲಿ ಹೊರಳಿಸಿದರೆ ಉಳಿದ ತೇವವನ್ನು ಹಿಟ್ಟು ಹಿಡಿದುಕೊಳ್ಳುತ್ತದೆ. ಅದನ್ನು ಕೊನೆಯ ಗಳಿಗೆಯಲ್ಲಿ ಮಾಡಿ, ಮೊದಲೇ ಮಾಡಿಟ್ಟರೆ ಹಿಟ್ಟು ನೆಂದು ಅಂಟಾಗುತ್ತದೆ. ಫ್ರೀಜರಿನಿಂದ ತೆಗೆದ ತುಂಡಿನ ಮೇಲೆ ಕಾಣುವ ಬಿಳಿ ಹರಳುಗಳೂ ನೀರೇ, ಕೊಡವಿ ಹಾಕಿ. ಇಡೀ ಮೆಣಸಿನಕಾಯಿಯಂತೆ ಗಟ್ಟಿ ಸಿಪ್ಪೆಯೊಳಗೆ ಟೊಳ್ಳಿರುವುದನ್ನು ಸೀಳದೆ ಎಣ್ಣೆಗೆ ಹಾಕಬೇಡಿ. ಒಳಗಿನ ಆವಿಗೆ ದಾರಿ ಸಿಗದೆ ಅದೇ ಒಡೆಯುತ್ತದೆ.

ನನ್ನ ಅನುಭವದಲ್ಲಿ ಅತಿ ಹೆಚ್ಚು ಸಿಡಿತಗಳು ತರಕಾರಿಯಿಂದ ಬಂದದ್ದಲ್ಲ, ಆಗಷ್ಟೇ ತೊಳೆದ ಸೌಟಿನಿಂದ ಬಂದವು. ಹಿಡಿಕೆ ಕೂಡುವ ಸಂದಿನಲ್ಲಿ ಎರಡು ಹನಿ ಕೂತಿರುತ್ತವೆ, ಸೌಟನ್ನು ಇಳಿಸಿದಾಗ ಜಾರಿ ಒಳಗೆ ಹೋಗುತ್ತವೆ. ಸೌಟು, ಬಾಣಲೆ, ನಿಮ್ಮ ಕೈ, ಮೂರೂ ಒಣಗಿರಲಿ. ತೊಳೆದ ಬಾಣಲೆಯನ್ನು ಒರೆಸಿ, ಸ್ವಲ್ಪ ಹೊತ್ತು ಬೆಂಕಿಯ ಮೇಲಿಟ್ಟು, ಆಮೇಲೆ ಎಣ್ಣೆ ಸುರಿಯಿರಿ. ಎಣ್ಣೆ ಇನ್ನೂ ಕಾಯುತ್ತಿರುವಾಗಲೇ ತಳದಿಂದ ಚಟಪಟ ಕೇಳಿಸಿದರೆ ಅಲ್ಲಿ ನೀರಿದೆ ಎಂದರ್ಥ. ಉರಿ ಸಣ್ಣ ಮಾಡಿ ಹಿಂದೆ ಸರಿದು ನಿಲ್ಲಿ. ಸದ್ದು ಪೂರ್ತಿ ಅಡಗುವವರೆಗೆ ಏನನ್ನೂ ಹಾಕಬೇಡಿ. ಬಾಣಲೆಯಲ್ಲಿ ಎಣ್ಣೆ ಅರ್ಧಕ್ಕಿಂತ ಮೇಲೆ ಇರಲೇಬಾರದು, ಏಕೆಂದರೆ ನೊರೆ ಏಳುವುದಕ್ಕೆ ಜಾಗ ಬೇಕು.

ಎಣ್ಣೆ ಕಾದಿದೆಯೇ ಎಂದು ನೋಡಲು ಬೆರಳನ್ನು ಅದ್ದಿ ನೀರು ಚಿಮುಕಿಸುವವರನ್ನು ಕಂಡರೆ ನನ್ನ ಎದೆ ಝಲ್ಲೆನ್ನುತ್ತದೆ. ಯಾವುದನ್ನು ತಪ್ಪಿಸಲು ಇಷ್ಟೆಲ್ಲ ಮಾಡುತ್ತೇವೋ ಅದನ್ನೇ ಕೈಯಾರೆ ಮಾಡಿದಂತೆ ಅದು. ಬದಲಿಗೆ ಒಣಗಿದ ಒಂದೇ ಒಂದು ಹೋಳನ್ನು ಇಳಿಸಿ. ಸುತ್ತ ಒಂದೇ ಸಮನೆ ಸಣ್ಣ ಗುಳ್ಳೆಗಳು ಎದ್ದರೆ ಹದ ಬಂದಿದೆ. ಸುಮ್ಮನೆ ತಳದಲ್ಲಿ ಮಲಗಿದರೆ ಇನ್ನೂ ಕಾಯಬೇಕು. ಎಣ್ಣೆಯಿಂದ ಹೊಗೆ ಏಳುತ್ತಿದ್ದರೆ ಹದ ಮೀರಿದೆ, ಒಲೆ ಆರಿಸಿ ಹೊಗೆ ನಿಂತು ಬಿಸಿ ಇಳಿಯಲು ಬಿಡಿ.

ಈಗ ಹಾಕುವ ಕೈಯ ಮಾತು. ಮೀನಿನ ತುಂಡನ್ನು ಒಂದು ತುದಿಯಲ್ಲಿ ಹಿಡಿಯಿರಿ, ಚಿಮಟವಾದರೆ ಇನ್ನೂ ಒಳ್ಳೆಯದು. ಬಾಣಲೆಯ ಅಂಚಿನ ಬಳಿ, ನಿಮ್ಮ ಹತ್ತಿರದ ಕಡೆ, ಇನ್ನೊಂದು ತುದಿ ಎಣ್ಣೆಯನ್ನು ಮುಟ್ಟುವವರೆಗೆ ನಿಧಾನವಾಗಿ ಇಳಿಸಿ. ಮುಟ್ಟಿದ ಕಡೆ ಗುಳ್ಳೆ ಎದ್ದ ಮೇಲೆ ಉಳಿದ ಭಾಗವನ್ನು ನಿಮ್ಮಿಂದ ಆಚೆಗೆ ಬಾಗಿಸುತ್ತಾ ಮಲಗಿಸಿ. ಎದ್ದ ಅಲೆಯೂ ಹಾರಿದ ಹನಿಯೂ ಹೆಚ್ಚಾಗಿ ಆಚೆಗೇ ಹೋಗುತ್ತವೆ. ಕೈ ಎಣ್ಣೆಗೆ ಹತ್ತಿರವಿದ್ದಷ್ಟೂ ತುಂಡು ಬೀಳುವ ಎತ್ತರ ಕಡಿಮೆ, ತುಳುಕುವ ಎಣ್ಣೆಯೂ ಕಡಿಮೆ. ಒಂದಡಿ ಮೇಲಿನಿಂದ ಬಿಟ್ಟ ತುಂಡು ಸಂಪೂರ್ಣ ಒಣಗಿದ್ದರೂ ಎಣ್ಣೆಯನ್ನು ಎರಚುತ್ತದೆ. ನೀವು ಎಸೆದಾಗಲೆಲ್ಲ ತುಳುಕು ಮತ್ತು ಸಿಡಿತ ಎರಡನ್ನೂ ಒಟ್ಟಿಗೆ ಪಡೆಯುತ್ತಿದ್ದಿರಿ.

ಹೋಳುಗಳಾದರೆ ತೂತಿನ ಸೌಟಿನಲ್ಲಿ ತುಂಬಿಕೊಂಡು ಅರ್ಧ ಮುಳುಗಿಸಿ. ನೊರೆ ರಭಸವಾಗಿ ಮೇಲೇರಿದರೆ ಎತ್ತಿ, ಇಳಿದ ಮೇಲೆ ಮತ್ತೆ ಮುಳುಗಿಸಿ. ಒಂದು ಲೀಟರ್ ಎಣ್ಣೆಗೆ ಆ ಅರ್ಧ ಕಿಲೋವನ್ನು ಮೂರು ಸಲ ಹಾಕಿದರೆ ಸರಿ. ಎಲ್ಲವನ್ನೂ ಒಮ್ಮೆಲೇ ಸುರಿದರೆ ನೊರೆ ಅಂಚು ದಾಟಿ ಬೆಂಕಿಗೆ ಬೀಳಬಹುದು, ಜೊತೆಗೆ ಎಣ್ಣೆಯ ಬಿಸಿ ಕುಸಿದು ಹೋಳು ಮೆತ್ತಗಾಗುತ್ತದೆ.

ಸಿಡಿತಕ್ಕೆ ಹೆದರಿ ಗಟ್ಟಿ ಮುಚ್ಚಳ ಮುಚ್ಚಬೇಡಿ. ಮುಚ್ಚಳದ ಒಳಮೈಯಲ್ಲಿ ಆವಿ ಮತ್ತೆ ನೀರಾಗಿ ಕಟ್ಟುತ್ತದೆ, ತೆಗೆಯುವಾಗ ಅದೆಲ್ಲ ಎಣ್ಣೆಗೆ ಇಳಿಯುತ್ತದೆ. ಸಣ್ಣ ಕಣ್ಣಿನ ಲೋಹದ ಜಾಲರಿ ಮುಚ್ಚಿದರೆ ಆವಿ ಹೋಗುತ್ತದೆ, ಎಣ್ಣೆ ನಿಲ್ಲುತ್ತದೆ.

ಮುಚ್ಚಳ ಕೈಗೆಟುಕುವಂತೆ ಇರಬೇಕಾದದ್ದು ಬೇರೆ ಕಾರಣಕ್ಕೆ. ಎಣ್ಣೆಗೇ ಬೆಂಕಿ ಹತ್ತಿದರೆ ಒಲೆ ಆರಿಸಿ, ಮುಚ್ಚಳವನ್ನು ಪಕ್ಕದಿಂದ ಜಾರಿಸಿ ಮುಚ್ಚಿ, ಪೂರ್ತಿ ತಣ್ಣಗಾಗುವವರೆಗೆ ತೆಗೆಯಬೇಡಿ. ಬಾಣಲೆಯನ್ನು ಎತ್ತಿಕೊಂಡು ಓಡಬೇಡಿ. ನೀರನ್ನಂತೂ ಹಾಕಲೇಬೇಡಿ. ಒಂದು ಹನಿ ಏನು ಮಾಡುತ್ತದೆ ಎಂದು ಮೇಲೆ ನೋಡಿದಿರಿ. ಒಂದು ಚೊಂಬು ನೀರು ಉರಿಯುವ ಎಣ್ಣೆಯನ್ನೇ ಎತ್ತಿ ಚಾವಣಿಯವರೆಗೆ ಹಾರಿಸುತ್ತದೆ.

ಇಷ್ಟಾದರೂ ಕೈಗೆ ಹಾರಿದರೆ ಮೊದಲು ಒಲೆ ಆರಿಸಿ. ಉಂಗುರ, ಬಳೆ ಇದ್ದರೆ ಬಾವು ಬರುವ ಮೊದಲೇ ತೆಗೆಯಿರಿ. ಸುಟ್ಟ ಜಾಗವನ್ನು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ, ಉರಿ ತಗ್ಗಿತೆಂದು ಎರಡೇ ನಿಮಿಷಕ್ಕೆ ತೆಗೆಯಬೇಡಿ. ಮಂಜುಗಡ್ಡೆ, ಟೂತ್‌ಪೇಸ್ಟ್, ಬೆಣ್ಣೆ ಯಾವುದೂ ಬೇಡ. ಬೊಬ್ಬೆ ಎದ್ದರೆ ಒಡೆಯಬೇಡಿ. ಕಣ್ಣಿಗೆ ಅಥವಾ ಮುಖಕ್ಕೆ ತಾಗಿದ್ದರೆ, ಇಲ್ಲವೇ ಸುಟ್ಟ ಜಾಗ ನಿಮ್ಮ ಅಂಗೈಗಿಂತ ದೊಡ್ಡದಿದ್ದರೆ, ನೀರು ಹಾಕಿದ ಮೇಲೆ ನೇರವಾಗಿ ವೈದ್ಯರ ಬಳಿ ಹೋಗಿ.