ವೈದ್ಯಕೀಯ ರಜೆಯ ನಂತರ ಮೊದಲ ತಿಂಗಳ ಕೆಲಸದ ಹೊರೆ

ಪ್ರಶ್ನೆ: ದೀರ್ಘ ವೈದ್ಯಕೀಯ ರಜೆ ಮುಗಿಸಿ ಕೆಲಸಕ್ಕೆ ಮರಳುತ್ತಿದ್ದೇನೆ. ಮೊದಲ ತಿಂಗಳು ಹೊರೆಯನ್ನು ಹಂತಹಂತವಾಗಿ ಏರಿಸುವಂತೆ ಮ್ಯಾನೇಜರ್ ಅವರನ್ನು ಹೇಗೆ ಕೇಳಲಿ?

ಉತ್ತರ: ಗಂಟೆಗಳನ್ನಷ್ಟೇ ಅಲ್ಲ, ಕೆಲಸದ ಪ್ರಮಾಣವನ್ನೂ ಇಳಿಸುವಂತೆ ಕೇಳಿ. ಸಮಯ ಅರ್ಧವಾಗಿ ಗುರಿ ಮೊದಲಿನಷ್ಟೇ ಉಳಿದರೆ, ಬಾಕಿ ಕೆಲಸ ಸದ್ದಿಲ್ಲದೆ ಮನೆಗೆ ಬರುತ್ತದೆ. ಇಂತಹ ಏರ್ಪಾಡುಗಳು ಕೆಡುವುದು ಹೆಚ್ಚಾಗಿ ಇಲ್ಲಿಯೇ.

ಮರಳುವ ಒಂದೆರಡು ವಾರ ಮೊದಲೇ ವೈದ್ಯರಿಂದ ಪತ್ರ ಪಡೆಯಿರಿ. ಅದರಲ್ಲಿ ಕಾಯಿಲೆಯ ವಿವರಕ್ಕಿಂತ, ಸತತವಾಗಿ ಎಷ್ಟು ಹೊತ್ತು ಕೂರಬಹುದು, ರಾತ್ರಿ ಪಾಳಿ ಅಥವಾ ಪ್ರಯಾಣ ಸಾಧ್ಯವೇ ಎಂಬಂತಹ ಮಿತಿಗಳಿರಲಿ, ಏಕೆಂದರೆ ಮ್ಯಾನೇಜರ್ ಕೆಲಸ ಹಂಚಬೇಕಾದದ್ದು ಅವುಗಳ ಆಧಾರದ ಮೇಲೆ.

ನಂತರ ನಿಮ್ಮದೇ ಕರಡನ್ನು ಮಿಂಚಂಚೆಯಲ್ಲಿ ಕಳುಹಿಸಿ. ಉದಾಹರಣೆಗೆ, ಸಾಮಾನ್ಯವಾಗಿ 8 ಗ್ರಾಹಕರ ಖಾತೆಗಳನ್ನು ನೋಡುವವರು ಹೀಗೆ ಬರೆಯಬಹುದು: "ಮೊದಲ ವಾರ ದಿನಕ್ಕೆ 4 ಗಂಟೆ ಮತ್ತು 3 ಖಾತೆಗಳು, ಎರಡನೆಯ ವಾರ 5 ಗಂಟೆ ಮತ್ತು 4 ಖಾತೆಗಳು, ಮೂರನೆಯ ವಾರ 6 ಗಂಟೆ ಮತ್ತು 6 ಖಾತೆಗಳು, ನಾಲ್ಕನೆಯ ವಾರ 7 ಗಂಟೆ ಮತ್ತು 7 ಖಾತೆಗಳು, ಉಳಿದವು ಅಲ್ಲಿಯವರೆಗೆ ಈಗ ನೋಡಿಕೊಳ್ಳುತ್ತಿರುವ ಸಹೋದ್ಯೋಗಿಯ ಬಳಿಯೇ ಇರಲಿ."

ಎರಡನೆಯ ವಾರದ ಕೊನೆಗೆ ಪರಿಶೀಲನೆಯ ದಿನವೊಂದನ್ನು ಗೊತ್ತುಪಡಿಸಿಕೊಳ್ಳಿ. ರಜಾದಿನವಿಡೀ ಮಲಗಿದರೂ ಆಯಾಸ ಇಳಿಯದಿದ್ದರೆ ಆ ವಾರದ ಹಂತವನ್ನೇ ಇನ್ನೊಂದು ವಾರ ಮುಂದುವರಿಸುವಂತೆ ಆಗ ಕೇಳಬಹುದು. ಕಡಿಮೆಯಾದ ಗಂಟೆಗಳಿಗೆ ಪೂರ್ಣ ವೇತನವಿದೆಯೇ, ಇಲ್ಲವೇ ಅವು ರಜೆಯ ಖಾತೆಯಿಂದ ಕಡಿತವಾಗುತ್ತವೆಯೇ ಎಂಬುದನ್ನು ಮಾನವ ಸಂಪನ್ಮೂಲ ವಿಭಾಗದಿಂದ ಮೊದಲೇ ಲಿಖಿತವಾಗಿ ತಿಳಿದುಕೊಳ್ಳಿ.